ಗುರುವಾರ ಮಾತ್ರ: ದೊಡ್ಡಮ್ಮನ ಮಾತ್ರೆಯ ಚೀಟಿಯನ್ನು ಒಂದು ಹಾಳೆಗೆ ಇಳಿಸಿದ್ದು

ಮೆಥೊಟ್ರೆಕ್ಸೇಟ್ ಮಾತ್ರೆಯ ಡಬ್ಬಿಯೊಳಗೆ ಒಂದು ಕಾಗದ ಮಡಿಸಿ ಇಟ್ಟಿದ್ದರು. ಬಿಡಿಸಿದರೆ ಮೊಳದುದ್ದ. ಎರಡೂ ಕಡೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಇದು ನೋಂದಾಯಿತ ವೈದ್ಯರು, ಆಸ್ಪತ್ರೆ ಮತ್ತು ಲ್ಯಾಬ್‌ಗಳ ಉಪಯೋಗಕ್ಕೆ ಮಾತ್ರ ಅಂತ ಮೇಲುಗಡೆಯೇ ಅಚ್ಚಾಗಿತ್ತು. ಅಂದರೆ ರೋಗಿ ಓದಲಿ ಅಂತ ಬರೆದದ್ದೇ ಅಲ್ಲ. ಆದರೆ ರೋಗಿಯ ಮನೆಗೆ ಬರುವುದು ಅದೊಂದೇ.

ಹಾಸನದಲ್ಲಿರುವ ನಮ್ಮ ದೊಡ್ಡಮ್ಮನಿಗೆ 74 ವರ್ಷ. ಕನ್ನಡ ಪೇಪರನ್ನು ಒಂದಕ್ಷರ ಬಿಡದೆ ಓದುತ್ತಾರೆ, ಇಂಗ್ಲಿಷ್ ಬರುವುದಿಲ್ಲ. ಎರಡು ವರ್ಷದಿಂದ ಬೆಳಗ್ಗೆ ಎದ್ದರೆ ಕೈಬೆರಳು ಮಡಿಸಲಾಗದಷ್ಟು ಬಿಗಿತ. ಪಾತ್ರೆ ಹಿಡಿಯುವುದೇ ಕಷ್ಟವಾದ ಮೇಲೆ ವಾತದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ರುಮಟಾಯ್ಡ್ ಸಂಧಿವಾತ ಅಂದರು, ಈ ಮಾತ್ರೆ ಬರೆದುಕೊಟ್ಟರು. ಮನೆಯಲ್ಲಿ ಮೊಮ್ಮಗ ಆ ಕಾಗದ ಬಿಡಿಸಿ, ಗೊತ್ತಾದಷ್ಟನ್ನು ಅಜ್ಜಿಗೆ ಓದಿ ಹೇಳಿದ್ದಾನೆ. ಆ ಕಾಗದದಲ್ಲಿ ಮೊದಲು ಬರುವುದೇ ಕ್ಯಾನ್ಸರ್. ರಾತ್ರಿ ನನಗೆ ಫೋನ್ ಬಂತು.

"ನಂಗೆ ಕ್ಯಾನ್ಸರ್ ಅಂತೆ ಕಣೇ. ನೀವೆಲ್ಲ ಸೇರ್ಕೊಂಡು ಮುಚ್ಚಿಡ್ತಿದೀರಾ?"

ಇಲ್ಲ ಅಂತ ಬಾಯಲ್ಲಿ ಹೇಳಿದರೆ ಅವರು ನಂಬುವವರಲ್ಲ. ಮರುದಿನ ನಾನೇ ಹೋದೆ. ಇದೇ ಔಷಧಿಯನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಕ್ಯಾನ್ಸರ್ ಕಣಗಳು ಬೆಳೆಯುವುದನ್ನು ತಡೆಯುತ್ತದೆ. ವಾರಕ್ಕೊಂದು ಸಲ ತೀರಾ ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ, ಕೀಲುಗಳ ಮೇಲೆ ತಿರುಗಿಬಿದ್ದಿರುವ ದೇಹದ ರೋಗನಿರೋಧಕ ಶಕ್ತಿಯನ್ನು ಹದಕ್ಕೆ ತರುತ್ತದೆ. ಒಂದೇ ಕಾಗದದಲ್ಲಿ ಎರಡನ್ನೂ ಬರೆದಿರುತ್ತಾರೆ. ಇದನ್ನು ಹೇಳಿದ ಮೇಲೆ ದೊಡ್ಡಮ್ಮ ಸ್ವಲ್ಪ ಸಮಾಧಾನವಾದರು. "ಹಾಗಾದ್ರೆ ನಂಗೆ ಬೇಕಾದ್ದನ್ನ ಮಾತ್ರ ಕನ್ನಡದಲ್ಲಿ ಬರ್ಕೊಡು" ಅಂದರು. ಕೆಲಸ ಶುರುವಾದದ್ದು ಹಾಗೆ.

ಮೊದಲು ಮೇಜಿನ ಮೇಲೆ ಮೂರು ಕಾಗದ ಹರಡಿಕೊಂಡೆ: ಡಬ್ಬಿಯ ಕಾಗದ, ಡಾಕ್ಟರ ಚೀಟಿ, ರಕ್ತಪರೀಕ್ಷೆಯ ರಿಪೋರ್ಟ್. ಪಕ್ಕದಲ್ಲಿ ದೊಡ್ಡಮ್ಮ ಆಗಲೇ ನುಂಗುತ್ತಿದ್ದ ಬೇರೆ ಮಾತ್ರೆಗಳ ಡಬ್ಬ. ಡೋಸ್ ಮಾತ್ರ ಡಾಕ್ಟರ ಚೀಟಿಯಿಂದಲೇ ತೆಗೆದುಕೊಳ್ಳಬೇಕು, ಡಬ್ಬಿಯ ಕಾಗದದಿಂದ ಅಲ್ಲ. ಅದು ಏಕೆ ಅಂತ ಆ ಕಾಗದ ನೋಡಿದರೇ ತಿಳಿಯುತ್ತದೆ. ಒಂದು ಬಗೆಯ ಕ್ಯಾನ್ಸರಿಗೆ ದಿನಕ್ಕೆ 15ರಿಂದ 30 ಮಿಲಿಗ್ರಾಂ, ಐದು ದಿನ ಅಂತ ಒಂದು ಕಡೆ ಇದೆ. ಸಂಧಿವಾತಕ್ಕೆ ಬಂದರೆ ವಾರಕ್ಕೊಮ್ಮೆ 7.5 ಮಿಲಿಗ್ರಾಂ ಅಂತ ಇದೆ. ಅದರ ಪಕ್ಕದಲ್ಲೇ, 12 ಗಂಟೆಗೊಮ್ಮೆ 2.5ರಂತೆ ಮೂರು ಸಲ, ಅದೂ ವಾರಕ್ಕೊಮ್ಮೆ, ಅಂತ ಇನ್ನೊಂದು ದಾರಿ ಕೊಟ್ಟಿದ್ದಾರೆ. ಅವಸರದಲ್ಲಿ ಓದಿದವರ ಕಣ್ಣಿಗೆ "12 ಗಂಟೆಗೊಮ್ಮೆ" ಅನ್ನುವುದಷ್ಟೇ ಬೀಳುತ್ತದೆ.

ಪೆನ್ಸಿಲ್ ಹಿಡಿದು ದೊಡ್ಡಮ್ಮನಿಗೆ ಸಂಬಂಧವಿಲ್ಲದ್ದನ್ನೆಲ್ಲ ಹೊಡೆದುಹಾಕಿದೆ. ಕ್ಯಾನ್ಸರ್ ಡೋಸ್, ಇಂಜೆಕ್ಷನ್ ವಿಷಯ, ಮಕ್ಕಳ ಲೆಕ್ಕ, ಸೋರಿಯಾಸಿಸ್. ಅರ್ಧಕ್ಕಿಂತ ಜಾಸ್ತಿ ಹಾಗೇ ಹೋಯಿತು. ಬಸಿರಿನಲ್ಲಿ ಈ ಔಷಧಿ ಕೊಡಬಾರದು ಅನ್ನುವ ಭಾಗಕ್ಕೆ ಬಂದಾಗ ಮಾತ್ರ ಪೆನ್ಸಿಲ್ ನಿಲ್ಲಿಸಿದೆ. 74ರ ಹೆಂಗಸಿಗೆ ಇದು ಬೇಡ, ನಿಜ. ಆದರೆ ಅವರ ಸೊಸೆ ಐದು ತಿಂಗಳ ಬಸುರಿ. ಮಾತ್ರೆ ಬಿಡಿಸಿ ಕೈಗೆ ಕೊಡುವವಳೂ ಅವಳೇ. ಮಾತ್ರೆ ಮುರಿಯಬಾರದು, ಪುಡಿ ಮಾಡಬಾರದು, ಬಸುರಿಯರು ಮುಟ್ಟಬಾರದು ಅನ್ನುವ ಒಂದು ಸಾಲು ಹಾಳೆಯಲ್ಲಿ ಉಳಿಯಿತು. ಎಚ್ಚರಿಕೆ ಬರೆಯುವಾಗ ರೋಗಿಯನ್ನಷ್ಟೇ ನೋಡಿದರೆ ಸಾಲದು, ಆ ಮನೆಯಲ್ಲಿ ಯಾರ್‍ಯಾರಿದ್ದಾರೆ ಅಂತಲೂ ನೋಡಬೇಕು.

ಇನ್ನು ಡೋಸ್. ಚೀಟಿಯಲ್ಲಿ ಡಾಕ್ಟರು ಸ್ಪಷ್ಟವಾಗಿಯೇ ಬರೆದಿದ್ದರು: ಮೆಥೊಟ್ರೆಕ್ಸೇಟ್ 7.5 ಮಿಲಿಗ್ರಾಂ, ವಾರಕ್ಕೊಮ್ಮೆ. ಮಾತ್ರೆ 2.5 ಮಿಲಿಗ್ರಾಮಿನದು, ಹಾಗಾಗಿ ಒಂದು ಸಲಕ್ಕೆ ಮೂರು. ಆದರೆ ಔಷಧಿ ಅಂಗಡಿಯಲ್ಲಿ ಮಾತ್ರೆ ಹಾಕಿಕೊಟ್ಟ ಕಾಗದದ ಕವರ್ ನೋಡಿ ಎದೆ ಧಸಕ್ ಅಂತು. ಅದರ ಮೇಲೆ ನೀಲಿ ಪೆನ್ನಿನಲ್ಲಿ ಹೀಗೆ ಬರೆದಿತ್ತು: 0-0-3.

ಬೆಳಗ್ಗೆ ಇಲ್ಲ, ಮಧ್ಯಾಹ್ನ ಇಲ್ಲ, ರಾತ್ರಿ ಮೂರು. ಅಂಗಡಿಯವರು ಎಲ್ಲ ಮಾತ್ರೆಗೂ ಹಾಗೇ ಬರೆಯುತ್ತಾರೆ, ನಾವೂ ಹಾಗೇ ಓದಿ ರೂಢಿ. ಆ ಮೂರು ಅಂಕಿಯಲ್ಲಿ ವಾರ ಅನ್ನುವುದಕ್ಕೆ ಜಾಗವೇ ಇಲ್ಲ. ಬಿಪಿ ಮಾತ್ರೆಯನ್ನು ದಿನಾ ತೆಗೆದುಕೊಳ್ಳುವ ದೊಡ್ಡಮ್ಮ ಇದನ್ನೂ ದಿನಾ ರಾತ್ರಿ ಮೂರು ನುಂಗುತ್ತಿದ್ದರು, ಅದರಲ್ಲಿ ಅನುಮಾನವೇ ಬೇಡ. ಮೆಥೊಟ್ರೆಕ್ಸೇಟಿನ ವಿಷಯದಲ್ಲಿ ಬೇರೆ ಬೇರೆ ದೇಶಗಳಲ್ಲಿ ಇದೇ ಕಾರಣಕ್ಕೆ ಜೀವ ಹೋಗಿರುವುದುಂಟು. ವಾರಕ್ಕೊಮ್ಮೆಯದನ್ನು ದಿನಾ ತಿಂದು. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಇದಕ್ಕೆಂದೇ ಹೊಸ ಕ್ರಮಗಳನ್ನು ತಂದಿತು. ವಾರಕ್ಕೊಮ್ಮೆ ಅನ್ನುವುದನ್ನು ಎದ್ದು ಕಾಣುವಂತೆ ಅಚ್ಚು ಹಾಕಬೇಕು, ಮಾತ್ರೆಯ ಜೊತೆ ರೋಗಿಗೊಂದು ಕಾರ್ಡ್ ಕೊಡಬೇಕು ಅಂತ. ನಮ್ಮ ಕೈಯಲ್ಲಿದ್ದದ್ದು 0-0-3 ಬರೆದ ಕವರ್. ಅದನ್ನು ಅಲ್ಲೇ ಹರಿದು ಹಾಕಿದೆ.

ಕವರಿನೊಳಗೆ ಇನ್ನೊಂದು ಮಾತ್ರೆಯೂ ಇತ್ತು, ಫೋಲಿಕ್ ಆಸಿಡ್ 5 ಮಿಲಿಗ್ರಾಂ. ಮೆಥೊಟ್ರೆಕ್ಸೇಟ್ ದೇಹದಲ್ಲಿ ಫೋಲಿಕ್ ಆಸಿಡಿನ ಕೆಲಸಕ್ಕೆ ಅಡ್ಡ ಬರುತ್ತದೆ. ಬಾಯಿ ಹುಣ್ಣು, ಹೊಟ್ಟೆ ತೊಳಸುವುದು ಕಡಿಮೆಯಾಗಲಿ ಅಂತ ಇದನ್ನು ಬೇರೆ ದಿನ ಕೊಡುತ್ತಾರೆ. ಡಾಕ್ಟರು ವಾರಕ್ಕೊಂದು ಅಂತ ಬರೆದಿದ್ದರು. ಎರಡೂ ಸ್ಟ್ರಿಪ್‌ನಿಂದ ಒಂದೊಂದು ಮಾತ್ರೆ ತೆಗೆದು ಅಂಗೈ ಮೇಲೆ ಇಟ್ಟುಕೊಂಡು ನೋಡಿದೆ. ಎರಡೂ ಹಳದಿ, ಎರಡೂ ದುಂಡಗೆ, ಎರಡೂ ಮೆಣಸಿನಕಾಳಿಗಿಂತ ಸ್ವಲ್ಪ ಅಗಲ. ಕನ್ನಡಕ ಹಾಕಿಕೊಂಡ ನನಗೇ ಯಾವುದು ಯಾವುದು ಅಂತ ಗೊತ್ತಾಗಲಿಲ್ಲ. ದೊಡ್ಡಮ್ಮನಿಗೆ ಸ್ಟ್ರಿಪ್‌ನಿಂದ ಮಾತ್ರೆ ಬಿಡಿಸಿ ಡಬ್ಬಕ್ಕೆ ಹಾಕಿಡುವ ಅಭ್ಯಾಸ ಬೇರೆ. ಅದಕ್ಕೇ "ಸ್ಟ್ರಿಪ್‌ನಿಂದ ಬಿಡಿಸಿ ಇಡಬೇಡಿ" ಅನ್ನುವುದೂ ಡೋಸ್ ಭಾಗಕ್ಕೆ ಬಂತು. ಡಬ್ಬಿಯ ಕಾಗದದಲ್ಲಿ ಆ ಸಾಲು ಇರಲಿಲ್ಲ.

ಯಾವ ವಾರ ಅನ್ನುವುದನ್ನು ದೊಡ್ಡಮ್ಮನ ಕೈಗೇ ಬಿಟ್ಟೆ. "ಗುರುವಾರ. ಸಾಯಂಕಾಲ ರಾಯರ ಮಠಕ್ಕೆ ಹೋಗ್ತೀನಲ್ಲ, ಬಂದು ಊಟ ಮಾಡಿ ತಗೋತೀನಿ, ಮರೆಯಲ್ಲ" ಅಂದರು. ಫೋಲಿಕ್ ಆಸಿಡ್ ಸೋಮವಾರಕ್ಕೆ. ಎರಡರ ಮಧ್ಯೆ ಸಾಕಷ್ಟು ದಿನ ಇದ್ದರೆ ಗಲಿಬಿಲಿ ಕಡಿಮೆ.

ಮೂರು ಮಾತ್ರೆ ಅಂತ ಬರೆದರಷ್ಟೇ ಸಾಕಾ? ಸಾಲದು. ಮೆಥೊಟ್ರೆಕ್ಸೇಟ್ ನಮ್ಮ ಅಂಗಡಿಗಳಲ್ಲಿ 2.5, 5, 7.5, 10 ಹೀಗೆ ಬೇರೆ ಬೇರೆ ಶಕ್ತಿಯಲ್ಲಿ ಸಿಗುತ್ತದೆ. ಮುಂದಿನ ತಿಂಗಳು ಅಂಗಡಿಯಲ್ಲಿ 2.5 ಇಲ್ಲ ಅಂತ 7.5ರದು ಕೊಟ್ಟರೆ, ಹಾಳೆ ನೋಡಿಕೊಂಡು ದೊಡ್ಡಮ್ಮ ಮೂರು ನುಂಗಿದರೆ, 22.5 ಮಿಲಿಗ್ರಾಂ ಒಳಗೆ ಹೋಯಿತು. ಹಾಗಾಗಿ ಒಟ್ಟು ಎಷ್ಟು ಮಿಲಿಗ್ರಾಂ, ಒಂದು ಮಾತ್ರೆ ಎಷ್ಟರದು, ಎಷ್ಟು ಮಾತ್ರೆ, ಈ ಮೂರೂ ಜೊತೆಗೇ ಇರಬೇಕು. ಖಾಲಿಯಾದ ಸ್ಟ್ರಿಪ್‌ನಿಂದ ಹೆಸರೂ 2.5 ಅನ್ನುವ ಅಂಕಿಯೂ ಇರುವ ತುಂಡನ್ನು ಕತ್ತರಿಸಿ ಹಾಳೆಗೆ ಅಂಟಿಸೋಣ ಅಂತ ಸೊಸೆ ಹೇಳಿದಳು. ಒಳ್ಳೆಯ ಉಪಾಯ. ಇಂಗ್ಲಿಷ್ ಓದಲು ಬಾರದಿದ್ದರೂ ಹೊಸ ಸ್ಟ್ರಿಪ್ ಪಕ್ಕದಲ್ಲಿ ಹಿಡಿದು ತಾಳೆ ನೋಡಬಹುದು.

ಎಚ್ಚರಿಕೆಗಳ ಭಾಗದಲ್ಲಿ ಕಾಗದದ ತುಂಬ ಔಷಧಿಗಳ ಹೆಸರು. ಎಲ್ಲ ಬರೆದರೆ ದೊಡ್ಡಮ್ಮ ಒಂದನ್ನೂ ಓದುವುದಿಲ್ಲ. ಅವರ ಕೈಗೆ ನಿಜವಾಗಿ ಬರುವಂಥವು ಯಾವುವು ಅಂತ ನೋಡಿದೆ. ಮಾತ್ರೆ ಡಬ್ಬದಲ್ಲೇ ಒಂದು ಸಿಕ್ಕಿತು. ಮಂಡಿ ನೋವಿಗೆ ಅಂತ ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆ, ಡೈಕ್ಲೋಫೆನಾಕ್. ಇಂಥವು ಮೂತ್ರಪಿಂಡದ ಮೇಲೆ ಭಾರ ಹಾಕುತ್ತವೆ, ಮೆಥೊಟ್ರೆಕ್ಸೇಟ್ ದೇಹದಿಂದ ಹೊರಗೆ ಹೋಗುವುದೂ ಮೂತ್ರಪಿಂಡದ ಮೂಲಕವೇ. ಅಲ್ಲಿ ತಡೆಯಾದರೆ ಔಷಧಿ ಒಳಗೇ ಉಳಿಯುತ್ತದೆ. ದೊಡ್ಡಮ್ಮನ ರಿಪೋರ್ಟಿನಲ್ಲಿ, ಮೂತ್ರಪಿಂಡ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಅಂಚಿನಲ್ಲಿತ್ತು. ಡಾಕ್ಟರು 7.5ರಿಂದಲೇ ಶುರು ಮಾಡಿದ್ದಕ್ಕೆ ಅದೂ ಒಂದು ಕಾರಣ. ಕೆಲವರಿಗೆ ಡಾಕ್ಟರೇ ಲೆಕ್ಕ ಹಾಕಿ ಎರಡನ್ನೂ ಒಟ್ಟಿಗೆ ಕೊಡುವುದುಂಟು. ತಾವೇ ತಂದು ನುಂಗುವುದು ಬೇರೆ ಮಾತು.

ಇನ್ನೊಂದು ಅವರ ಹಳೆ ಚೀಟಿಯಲ್ಲಿ ಸಿಕ್ಕಿತು. ಹೋದ ವರ್ಷ ಉರಿಮೂತ್ರಕ್ಕೆ ಬೇರೆ ಡಾಕ್ಟರು ಕೋಟ್ರೈಮಾಕ್ಸಜೋಲ್ ಕೊಟ್ಟಿದ್ದರು. ಅದರೊಳಗಿರುವ ಟ್ರೈಮೆಥೊಪ್ರಿಮ್ ಕೂಡ ಮೆಥೊಟ್ರೆಕ್ಸೇಟ್ ಥರವೇ ಫೋಲಿಕ್ ಆಸಿಡಿನ ಕೆಲಸಕ್ಕೆ ಅಡ್ಡಗಾಲು ಹಾಕುತ್ತದೆ. ಎರಡೂ ಸೇರಿದರೆ ಮೂಳೆಯ ಮಜ್ಜೆ ರಕ್ತಕಣ ಮಾಡುವುದನ್ನೇ ನಿಲ್ಲಿಸಿಬಿಡಬಹುದು. ವಯಸ್ಸಾದ ಹೆಂಗಸರಿಗೆ ಉರಿಮೂತ್ರ ಸಾಮಾನ್ಯ, ಈ ಮಾತ್ರೆ ಹಳೆಯದು, ಅಗ್ಗದ್ದು, ಎಲ್ಲೆಡೆ ಸಿಗುತ್ತದೆ. ಕಾಗದದಲ್ಲಿ ಅದು ಹತ್ತಾರು ಹೆಸರಿನ ಮಧ್ಯೆ ಎಲ್ಲೋ ಇತ್ತು. ನಮ್ಮ ಹಾಳೆಯಲ್ಲಿ ಅದನ್ನು ಮೇಲಕ್ಕೆ ತಂದೆ. ಆ ಹೆಸರನ್ನು ದೊಡ್ಡಮ್ಮ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಯಾವ ಡಾಕ್ಟರ ಹತ್ತಿರ ಹೋದರೂ ಈ ಹಾಳೆ ತೋರಿಸಿದರೆ ಆಯಿತು. ಅದಕ್ಕಾಗಿ ಆ ಒಂದು ಸಾಲನ್ನು ಡಾಕ್ಟರಿಗಾಗಿ ಇಂಗ್ಲಿಷಿನಲ್ಲೂ ಬರೆದೆ.

ಎಲ್ಲಕ್ಕಿಂತ ಹೊತ್ತು ಹಿಡಿದದ್ದು ಅಡ್ಡಪರಿಣಾಮ. ಕಾಗದದಲ್ಲಿ ಅವನ್ನು ಎಷ್ಟು ಜನರಿಗೆ ಆಗುತ್ತದೆ ಅನ್ನುವ ಲೆಕ್ಕದಲ್ಲಿ ಜೋಡಿಸಿರುತ್ತಾರೆ. ತೀರಾ ಸಾಮಾನ್ಯ ಅಂದರೆ 10 ಜನರಲ್ಲಿ ಒಬ್ಬರಿಗಿಂತ ಜಾಸ್ತಿ. ಅಪರೂಪ ಅಂದರೆ 1,000ದಲ್ಲಿ ಒಬ್ಬರಿಗಿಂತ ಕಡಿಮೆ. ಚಿಕ್ಕದು ಮಾಡಬೇಕು ಅಂದಾಗ ಸಾಮಾನ್ಯವಾದದ್ದನ್ನು ಇಟ್ಟುಕೊಂಡು ಅಪರೂಪದ್ದನ್ನು ಬಿಡೋಣ ಅಂತಲೇ ಯಾರಿಗಾದರೂ ಅನ್ನಿಸುತ್ತದೆ. ಈ ಔಷಧಿಯಲ್ಲಿ ಹಾಗೆ ಮಾಡಿದರೆ ಅಪಾಯ. ಬಾಯಿ ಹುಣ್ಣನ್ನೇ ನೋಡಿ. ಪಟ್ಟಿಯಲ್ಲಿ ಅದು ತೀರಾ ಸಾಮಾನ್ಯದ ಸಾಲಿನಲ್ಲಿದೆ. ಹಾಗಂತ "ಸಾಮಾನ್ಯ, ಹೆದರಬೇಡಿ" ಅಂತ ಬರೆದರೆ ದೊಡ್ಡಮ್ಮ ತುಪ್ಪ ಸವರಿಕೊಂಡು ಸುಮ್ನೆ ಇರುತ್ತಾರೆ. ಆದರೆ ದೇಹದಲ್ಲಿ ಮೆಥೊಟ್ರೆಕ್ಸೇಟ್ ಜಾಸ್ತಿಯಾಗುತ್ತಿದೆ ಅಂತ ಮೊದಲು ಹೇಳುವುದು ಎಷ್ಟೋ ಸಲ ಆ ಹುಣ್ಣೇ. ಬಾಯೊಳಗಿನ ಪೊರೆಯ ಕಣಗಳು ಬೇಗ ಬೇಗ ಹುಟ್ಟಿ ಸಾಯುವಂಥವು, ಹಾಗಾಗಿ ಏಟು ಅಲ್ಲೇ ಮೊದಲು ಬೀಳುತ್ತದೆ. ಅದರ ಬೆನ್ನಿಗೇ ಮಜ್ಜೆಯ ಸರದಿ.

ಅದಕ್ಕೇ ಎಷ್ಟು ಜನರಿಗೆ ಆಗುತ್ತದೆ ಅನ್ನುವ ಲೆಕ್ಕ ಬಿಟ್ಟೆ. ಕಂಡರೆ ಏನು ಮಾಡಬೇಕು ಅನ್ನುವುದರ ಮೇಲೆ ಎರಡೇ ಗುಂಪು ಮಾಡಿದೆ. ಅದೇ ದಿನ ಫೋನ್ ಮಾಡಬೇಕಾದದ್ದು, ಮುಂದಿನ ಸಲ ಹೋದಾಗ ಹೇಳಿದರೆ ಸಾಕಾದದ್ದು.

ಆಗ ಇನ್ನೊಂದು ತೊಡಕು ಎದುರಾಯಿತು. ಕಾಗದ ಹೇಳುವುದು ಕಾಯಿಲೆಯ ಹೆಸರು. ಬಿಳಿ ರಕ್ತಕಣ ಕಡಿಮೆಯಾಗುವುದು, ಪ್ಲೇಟ್‌ಲೆಟ್ ಕಡಿಮೆಯಾಗುವುದು, ಶ್ವಾಸಕೋಶದ ಉರಿಯೂತ. ಇವನ್ನು ದೊಡ್ಡಮ್ಮ ಹೇಗೆ ನೋಡಬೇಕು? ಅವರಿಗೆ ಕಾಣುವುದು ಜ್ವರ ಮತ್ತು ಗಂಟಲು ನೋವು, ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ, ತಾಗಿಸಿಕೊಳ್ಳದೆಯೂ ಬಂದ ನೀಲಿ ಕಲೆ, ಒಣ ಕೆಮ್ಮು ಮತ್ತು ಏದುಸಿರು. ಪ್ರತಿಯೊಂದು ಹೆಸರಿಗೂ ಕಣ್ಣಿಗೆ ಕಾಣುವ ಒಂದೊಂದು ಗುರುತು ಹುಡುಕುತ್ತಾ ಹೋದೆ. ಇಂಗ್ಲೆಂಡಿನಲ್ಲಿ ರೋಗಿಗಳಿಗೆಂದೇ ಬರೆದ ಚೀಟಿಗಳು ನೆಟ್‌ನಲ್ಲಿ ಸಿಗುತ್ತವೆ. ಗುರುತುಗಳನ್ನು ಅದರ ಜೊತೆ ತಾಳೆ ನೋಡಿದೆ. ಗುರುತೇ ಸಿಗದ ಒಂದೆರಡು ಉಳಿದವು. ಉದಾಹರಣೆಗೆ, ಲಿವರಿನಲ್ಲಿ ಆಗುವ ಬದಲಾವಣೆ ಕಣ್ಣು ಹಳದಿಯಾಗುವವರೆಗೂ ಗೊತ್ತಾಗದೆ ಇರಬಹುದು. ಅದಕ್ಕೆ ಹಾಳೆಯಲ್ಲಿ ಉತ್ತರ ಇಲ್ಲ, ರಕ್ತಪರೀಕ್ಷೆಯಲ್ಲೇ ಇದೆ. ಹಾಗಾಗಿ ಪರೀಕ್ಷೆಯ ತಾರೀಕು ಅಡ್ಡಪರಿಣಾಮದ ಭಾಗಕ್ಕೇ ಸೇರಿತು.

ಹಾಳೆ ಬರೆದು ಮುಗಿಸಿ ದೊಡ್ಡಮ್ಮನ ಕೈಗೆ ಕೊಟ್ಟು, "ಓದಿ, ಆಮೇಲೆ ನಂಗೆ ಹೇಳಿ" ಅಂದೆ. ಅರ್ಥ ಆಯ್ತಾ ಅಂತ ಕೇಳಿದರೆ ಎಲ್ಲರೂ ಆಯ್ತು ಅಂತಲೇ ಅನ್ನುತ್ತಾರೆ. ಹಾಗಾಗಿ ಪ್ರಶ್ನೆ ಬೇರೆ ಥರ ಹಾಕಿದೆ.

"ಗುರುವಾರ ಮರೆತುಹೋಯ್ತು ಅನ್ಕೊಳ್ಳಿ. ಏನ್ ಮಾಡ್ತೀರಿ?"

"ಅದರಲ್ಲೇನಿದೆ, ಮುಂದಿನ ಗುರುವಾರ ಎರಡೂ ಸೇರಿಸಿ ಆರು ತಗೋತೀನಿ."

"ನೋವು ಜಾಸ್ತಿ ಆದ್ರೆ?"

"ಒಂದು ಜಾಸ್ತಿ ತಗೊಂಡ್ರೆ ಆಯ್ತಪ್ಪ."

ನೋವಿನ ಮಾತ್ರೆಗೆ ಹಾಗೆ ಮಾಡಿ ರೂಢಿಯಾದವರಿಗೆ ಇದೇ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಇದು ನೋವಿನ ಮಾತ್ರೆ ಅಲ್ಲ. ಗುಣ ಕಾಣಲು 6ರಿಂದ 12 ವಾರ ಬೇಕು. ಎರಡು ಉತ್ತರಕ್ಕೂ ಒಂದೊಂದು ಸಾಲು ಹೊಸದಾಗಿ ಸೇರಿತು. ಮರೆತರೆ ಏನು ಮಾಡಬೇಕು ಅಂತ ಡಾಕ್ಟರನ್ನೇ ಕೇಳಿದೆ. ಎರಡು ದಿನದೊಳಗೆ ನೆನಪಾದರೆ ತೆಗೆದುಕೊಳ್ಳಬಹುದು, ಅದಕ್ಕೂ ತಡವಾದರೆ ಆ ವಾರ ಬಿಡಬೇಕು ಅಂದರು. "ಎರಡು ದಿನದೊಳಗೆ" ಅಂತ ಬರೆಯದೆ ವಾರಗಳ ಹೆಸರನ್ನೇ ಹಾಕಿದೆ. ಲೆಕ್ಕ ಹಾಕುವ ಕೆಲಸ ಓದುವವರಿಗೆ ಬೇಡ.

ಡಾಕ್ಟರು ಪೂರ್ತಿ ಹಾಳೆ ಓದಿ ಒಂದು ಕಡೆ ತಿದ್ದಿದರು. ವಾಂತಿ ಭೇದಿ ಅನ್ನುವುದನ್ನು ನಾನು ಫೋನ್ ಮಾಡುವ ಗುಂಪಿನಲ್ಲೇ ಇಟ್ಟಿದ್ದೆ. ಅದರ ಜೊತೆಗೆ "ಆ ವಾರದ ಮಾತ್ರೆ ಕೇಳದೆ ತಗೋಬೇಡಿ" ಅಂತ ಸೇರಿಸಿದರು. ವಯಸ್ಸಾದವರಲ್ಲಿ ನೀರಿನಂಶ ಬೇಗ ಇಳಿಯುತ್ತದೆ, ಮೂತ್ರಪಿಂಡ ಸೊರಗುತ್ತದೆ, ಅಂಥ ದಿನ ಮಾಮೂಲಿ ಡೋಸೂ ಜಾಸ್ತಿಯಾಗಬಹುದು ಅಂತ ವಿವರಿಸಿದರು. ಕೊನೆಗೆ ಹಾಳೆ ಹೀಗಾಯಿತು, ದಪ್ಪ ಕಪ್ಪು ಸ್ಕೆಚ್ ಪೆನ್ನಿನಲ್ಲಿ, ಒಂದೇ ಮಗ್ಗುಲಿಗೆ:

ಮೆಥೊಟ್ರೆಕ್ಸೇಟ್. ಸಂಧಿವಾತಕ್ಕೆ. ಕ್ಯಾನ್ಸರಿಗೆ ಅಲ್ಲ.

ಗುರುವಾರ ಮಾತ್ರ. ರಾತ್ರಿ ಊಟ ಆದ ಮೇಲೆ 3 ಮಾತ್ರೆ. ಒಂದೊಂದು 2.5, ಒಟ್ಟು 7.5 ಮಿಲಿಗ್ರಾಂ. ಉಳಿದ ಆರು ದಿನ ಒಂದೂ ಬೇಡ.
ಸೋಮವಾರ: ಫೋಲಿಕ್ ಆಸಿಡ್ 5 ಮಿಲಿಗ್ರಾಂ, 1 ಮಾತ್ರೆ.
ಗುರುವಾರ ಮರೆತರೆ ಶುಕ್ರವಾರ ಅಥವಾ ಶನಿವಾರ ತಗೊಳ್ಳಿ. ಭಾನುವಾರ ನೆನಪಾದರೆ ಆ ವಾರ ಬಿಟ್ಟುಬಿಡಿ. ಎರಡು ವಾರದ್ದು ಸೇರಿಸಬೇಡಿ.
ನೋವು ಜಾಸ್ತಿಯಾದರೂ ಮಾತ್ರೆ ಜಾಸ್ತಿ ಮಾಡಬೇಡಿ. ಗುಣ ಕಾಣಲು 6ರಿಂದ 12 ವಾರ ಬೇಕು.
ತಪ್ಪಿ ದಿನಾ ತಗೊಂಡಿದ್ದರೆ, ಏನೂ ಆಗದಿದ್ದರೂ, ಸ್ಟ್ರಿಪ್ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ.

ಎಚ್ಚರ. ಯಾವ ಹೊಸ ಔಷಧಿಗೂ ಮುಂಚೆ ಈ ಹಾಳೆ ತೋರಿಸಿ. ಉರಿಮೂತ್ರಕ್ಕೆ ಕೋಟ್ರೈಮಾಕ್ಸಜೋಲ್, ಟ್ರೈಮೆಥೊಪ್ರಿಮ್ ಕೂಡದು.
ಅಂಗಡಿಯಿಂದ ನೋವಿನ ಮಾತ್ರೆ ತರಬೇಡಿ.
ಮಾತ್ರೆ ಸ್ಟ್ರಿಪ್‌ನಲ್ಲೇ ಇರಲಿ. ಮುರಿಯಬೇಡಿ. ಬಸುರಿಯರು ಮುಟ್ಟಬಾರದು.

ಇವು ಕಂಡರೆ ಅದೇ ದಿನ ಫೋನ್: ಬಾಯಲ್ಲಿ ಹುಣ್ಣು. ಜ್ವರ, ಗಂಟಲು ನೋವು. ಒಣ ಕೆಮ್ಮು, ಏದುಸಿರು. ಒಸಡಿನಲ್ಲಿ ರಕ್ತ, ನೀಲಿ ಕಲೆ. ಕಣ್ಣು ಹಳದಿ. ಮೈ ಮೇಲೆ ಗುಳ್ಳೆ. ವಾಂತಿ ಭೇದಿ (ಆ ವಾರದ ಮಾತ್ರೆ ಕೇಳದೆ ತಗೋಬೇಡಿ).

ಮುಂದಿನ ಸಲ ಹೇಳಿದರೆ ಸಾಕು: ಮಾರನೇ ದಿನ ಸುಸ್ತು, ಸ್ವಲ್ಪ ಹೊಟ್ಟೆ ತೊಳಸುವುದು, ಕೂದಲು ಉದುರುವುದು.

ಕೆಳಗೆ ಫೋನ್ ನಂಬರ್, ಮುಂದಿನ ರಕ್ತಪರೀಕ್ಷೆಯ ತಾರೀಕು, ಹಾಳೆ ಬರೆದ ತಾರೀಕು. "ದಿನಾ ತಗೊಂಡಿದ್ದರೆ" ಅನ್ನುವ ಸಾಲಿನಲ್ಲಿ "ಏನೂ ಆಗದಿದ್ದರೂ" ಅಂತ ಹಾಕಿದ್ದಕ್ಕೆ ಕಾರಣವಿದೆ. ವಿಷ ಏರಿದ್ದು ಹೊರಗೆ ಕಾಣಲು ಕೆಲವು ದಿನ ಹಿಡಿಯಬಹುದು. ಅದಕ್ಕೆ ಕೊಡುವ ಮದ್ದು ಫೋಲಿನಿಕ್ ಆಸಿಡ್. ಅದನ್ನು ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಮನೆಯಲ್ಲಿರುವ ಫೋಲಿಕ್ ಆಸಿಡ್ ಆ ಕೆಲಸ ಮಾಡುವುದಿಲ್ಲ.

ಕುಡಿತದ ಬಗ್ಗೆ, ಕೆಲವು ಲಸಿಕೆಗಳ ಬಗ್ಗೆ ಕಾಗದದಲ್ಲಿ ಎಚ್ಚರಿಕೆ ಇತ್ತು. ದೊಡ್ಡಮ್ಮ ಕಾಫಿ ಬಿಟ್ಟು ಬೇರೇನೂ ಕುಡಿಯುವವರಲ್ಲ, ಅದನ್ನು ಬಿಟ್ಟೆ. ಲಸಿಕೆ "ಯಾವ ಹೊಸ ಔಷಧಿಗೂ" ಅನ್ನುವುದರಲ್ಲೇ ಬಂತು ಅಂತ ಡಾಕ್ಟರೂ ಒಪ್ಪಿದರು.

ಎರಡನೇ ರಕ್ತಪರೀಕ್ಷೆ ಸರಿಯಾಗಿ ಬಂದ ಮೇಲೆ ಡಾಕ್ಟರು ಡೋಸನ್ನು 10 ಮಿಲಿಗ್ರಾಮಿಗೆ ಏರಿಸಿದರು. ಅಂದರೆ 2.5ರದು ನಾಲ್ಕು. ಹಳೆ ಹಾಳೆಯಲ್ಲಿ 3 ಹೊಡೆದು 4 ಮಾಡಲಿಲ್ಲ. ಪೂರ್ತಿ ಹೊಸದು ಬರೆದು, ಹೊಸ ತಾರೀಕು ಹಾಕಿ, ಹಳೆಯದನ್ನು ಹರಿದೆವು. ಒಂದು ಮನೆಯಲ್ಲಿ ಎರಡು ಹಾಳೆ ಇದ್ದರೆ ಯಾವತ್ತೋ ಒಂದು ದಿನ ಹಳೆಯದೇ ಕೈಗೆ ಬರುತ್ತದೆ. ಈ ಸಲ ಅಂಗಡಿಯವರಿಗೂ ಹೇಳಿ ಕವರಿನ ಮೇಲೆ "ಗುರುವಾರ ಮಾತ್ರ 4" ಅಂತ ಬರೆಸಿಕೊಂಡು ಬಂದೆ.

ಪಕ್ಕದ ಬೀದಿಯ ಒಬ್ಬರು ಇದೇ ಮಾತ್ರೆ ತೆಗೆದುಕೊಳ್ಳುತ್ತಾರಂತೆ. ರಾಯರ ಮಠದಲ್ಲಿ ಮಾತಾಡುವಾಗ ಗೊತ್ತಾಗಿ, ಹಾಳೆಯ ಜೆರಾಕ್ಸ್ ಬೇಕು ಅಂತ ಮನೆಗೇ ಬಂದರು. ಅವರದು ವಾರಕ್ಕೆ 15 ಮಿಲಿಗ್ರಾಂ, ಜೊತೆಗೆ ಸಕ್ಕರೆ ಕಾಯಿಲೆಯ ಮಾತ್ರೆಗಳು ಬೇರೆ. ಅದೇ ದಿನ ಫೋನ್ ಮಾಡುವ ಭಾಗವನ್ನು ಬರೆದುಕೊಟ್ಟೆ. ಮೇಲಿನ ಡೋಸ್ ಭಾಗ ಖಾಲಿ ಬಿಟ್ಟು, ಅವರ ಚೀಟಿ, ಮಾತ್ರೆಗಳ ಡಬ್ಬ ಎಲ್ಲ ತೆಗೆದುಕೊಂಡು ಭಾನುವಾರ ಬನ್ನಿ ಅಂತ ಹೇಳಿ ಕಳಿಸಿದ್ದೇನೆ.